ಹೆಬ್ಬೆರಳಿನ ಬುಡದ ನೀಲಿ ಬಣ್ಣ: ಎರಡನೇ ಕ್ಲಾಸಿಗೆ ಕೈ ತೊಳೆಯೋದು ಕಲಿಸಿದ್ದು

ಕೈ ತೊಳೆಯುವ ಪಾಠದಲ್ಲಿ ಎರಡು ಪಾಠ ಇದೆ. ಕೈ ಹೇಗೆ ತೊಳೆಯೋದು ಅನ್ನೋದು ಒಂದು. ಯಾರೂ ಹೇಳದೇ ಇದ್ದಾಗಲೂ ತೊಳೆಯೋಕೆ ನೆನಪಾಗೋದು ಇನ್ನೊಂದು. ಮೊದಲನೆಯದು ಸೈಕಲ್ ಕಲಿತ ಹಾಗೆ, ಕೈಗೆ ಬರಬೇಕು, ಒಂದೆರಡು ಪೀರಿಯಡ್‌ನಲ್ಲಿ ಬಂದೇ ಬರುತ್ತೆ. ಎರಡನೆಯದಕ್ಕೆ ವಾರಗಟ್ಟಲೆ ಬೇಕು, ಅದೂ ನಡೆಯೋದು ಮನೆಯಲ್ಲಿ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಪೋಸ್ಟರ್ ಅಂಟಿಸಿ, ಹಂತಗಳನ್ನು ಬಾಯಿಪಾಠ ಮಾಡಿಸಿದರೆ ಈ ಎರಡರಲ್ಲಿ ಒಂದೂ ಆಗಲ್ಲ. ಮಕ್ಕಳು ಹಂತಗಳನ್ನು ಪಟಪಟ ಅಂತ ಹೇಳ್ತಾರೆ, ಆಮೇಲೆ ನಲ್ಲಿ ಕೆಳಗೆ ಬೆರಳ ತುದಿ ಒದ್ದೆ ಮಾಡಿಕೊಂಡು ಚಡ್ಡಿಗೆ ಒರೆಸಿಕೊಂಡು ಓಡ್ತಾರೆ. ಹಾಗಾಗಿ ಎರಡನೇ ಕ್ಲಾಸಿನ ನನ್ನ 28 ಮಕ್ಕಳಿಗೆ ಇದನ್ನು ಬಿಡಿಸಿ ಮಾಡಿದೆ. ಮೊದಲು ಕಣ್ಣಿಗೆ ಕಾಣುವ ಪ್ರಯೋಗ, ಆಮೇಲೆ ನಲ್ಲಿ ಹತ್ತಿರ ಅಭ್ಯಾಸ, ಕೊನೆಗೆ ಮನೆಗೆ ಚಾರ್ಟು.

ಪ್ರಯೋಗಕ್ಕೆ ಬೇಕಾಗಿದ್ದು ತೀರಾ ಸಾಮಾನ್ಯ ಸಾಮಾನು: ನೀಲಿ ಸೀಮೆಸುಣ್ಣದ ಪುಡಿ, ಸ್ವಲ್ಪ ಎಣ್ಣೆ, ಸೋಪು, ಮತ್ತೆ ಪ್ರತಿ ಮಗುವಿಗೆ ಒಂದು ಹಾಳೆ. ಹಾಳೆಯಲ್ಲಿ ಎರಡೂ ಕೈಗಳ ಹೊರಗೆರೆ, ಅಂಗೈ ಕಡೆಯದು ಮೇಲೆ, ಹಿಂಬದಿಯದು ಕೆಳಗೆ.

ಎಣ್ಣೆ ಯಾಕೆ ಅಂದ್ರೆ, ಬರೀ ಪುಡಿ ಹಚ್ಚಿದರೆ ಬರೀ ನೀರಿಗೇ ಹೋಗಿಬಿಡುತ್ತೆ. ಆಗ ಮಗು ಕಲಿಯೋದು ಒಂದೇ: ನೀರು ಸಾಕು, ಸೋಪು ಬೇಡ. ನಮ್ಮ ಕೈ ಚರ್ಮದ ಮೇಲೂ ತೆಳ್ಳಗೆ ಜಿಡ್ಡು ಇದ್ದೇ ಇರುತ್ತೆ, ಕೊಳೆ ಅಂಟಿಕೊಂಡು ಕೂರೋದೇ ಅದರ ಜೊತೆ. ಹಾಗಾಗಿ ಎಣ್ಣೆ ಸೇರಿಸಿದರೆ ಪ್ರಯೋಗ ನಿಜಕ್ಕೆ ಹತ್ತಿರ ಬರುತ್ತೆ. ಆದರೆ ಅಳತೆ ಮುಖ್ಯ. ಎಣ್ಣೆ ಜಾಸ್ತಿಯಾದರೆ ಎಷ್ಟು ಉಜ್ಜಿದರೂ ಬಣ್ಣ ಬಿಡಲ್ಲ, ಮಕ್ಕಳಿಗೆ ಬೇಜಾರಾಗುತ್ತೆ. ಎರಡು ಹನಿ ಎಣ್ಣೆ, ಒಂದು ಚಿಟಿಕೆ ಪುಡಿ, ಇಷ್ಟು ಒಂದು ಮಗುವಿನ ಎರಡೂ ಕೈಗೆ ಸಾಕು. ಹಿಂದಿನ ದಿನವೇ ಸ್ವಂತ ಕೈ ಮೇಲೆ ಹಚ್ಚಿ ನೋಡಿಕೊಂಡರೆ ಒಳ್ಳೇದು, ಕೆಲವು ಬಣ್ಣ ಚರ್ಮಕ್ಕೇ ಹಿಡಿದುಬಿಡುತ್ತೆ, ಸರಿಯಾಗಿ ತೊಳೆದ ಮಗುವಿಗೂ 'ನಿಂದು ಹೋಗಿಲ್ಲ' ಅನ್ನಬೇಕಾಗುತ್ತೆ. ಮಿಂಚುಪುಡಿ ನನಗೆ ಬೇಡವೇ ಬೇಡ. ಅದು ಪ್ಲಾಸ್ಟಿಕ್, ಚರಂಡಿಗೆ ಹೋಗುತ್ತೆ, ಮೇಲಾಗಿ ಈ ವಯಸ್ಸಿನವರು ಕಣ್ಣು ಉಜ್ಜಿಕೊಳ್ಳದೆ ಐದು ನಿಮಿಷ ಇರಲ್ಲ. ಕೈಯಲ್ಲಿ ಗಾಯ ಅಥವಾ ತುರಿಕೆ ಇದ್ದ ಮಕ್ಕಳಿಗೆ ಏನೂ ಹಚ್ಚಲಿಲ್ಲ, ಅವರನ್ನು ಹಾಳೆ ಹಿಡಿದು ಬೇರೆಯವರ ಕೈ ನೋಡುವ ಇನ್‌ಸ್ಪೆಕ್ಟರ್ ಮಾಡಿದೆ. ಆ ಕೆಲಸಕ್ಕೆ ಆಮೇಲೆ ಎಲ್ಲರೂ ಆಸೆಪಟ್ಟರು, ಅದು ಬೇರೆ ಮಾತು.

ಕಾಳುಮೆಣಸಿನ ಪುಡಿಯ ಪ್ರಯೋಗ ಯಾಕೆ ಮಾಡಲಿಲ್ಲ ಅಂತ ಪಕ್ಕದ ಕ್ಲಾಸಿನ ಟೀಚರ್ ಕೇಳಿದರು. ಗೊತ್ತಲ್ವಾ, ತಟ್ಟೆ ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ, ಸೋಪು ಹಚ್ಚಿದ ಬೆರಳು ಅದ್ದಿದರೆ ಪುಡಿಯೆಲ್ಲ ಸರ್ರನೆ ಅಂಚಿಗೆ ಓಡುತ್ತೆ. ನೋಡೋಕೆ ಚೆನ್ನಾಗಿರುತ್ತೆ, ಮಕ್ಕಳು ಕೇಕೆ ಹಾಕ್ತಾರೆ. ಆದರೆ ಅಲ್ಲಿ ನಡೆಯೋದು ಬೇರೆಯೇ. ಸೋಪು ನೀರಿನ ಮೇಲ್ಮೈಯ ಬಿಗಿ ಕಡಿಮೆ ಮಾಡುತ್ತೆ, ಸುತ್ತಲಿನ ನೀರು ಪುಡಿಯನ್ನು ಎಳೆದುಕೊಂಡು ಹೋಗುತ್ತೆ, ಅಷ್ಟೇ. ಕೈ ಮೇಲಿನ ಕೊಳೆ ಹೀಗೆ ಓಡಲ್ಲ. ಇದನ್ನು ನೋಡಿದ ಮಗುವಿಗೆ ಉಳಿಯೋದು ಏನಂದ್ರೆ, ರೋಗಾಣುಗಳಿಗೆ ಸೋಪು ಕಂಡರೆ ಭಯ, ಮುಟ್ಟಿಸಿದರೆ ಸಾಕು, ಓಡಿಹೋಗುತ್ತವೆ. ನಾನು ಕಲಿಸಬೇಕಾಗಿದ್ದು ಅದಕ್ಕೆ ಪೂರ್ತಿ ಉಲ್ಟಾ. ಸೋಪು ಮುಟ್ಟಿದರೆ ಸಾಲದು, ಉಜ್ಜಬೇಕು.

ಪ್ರಯೋಗದ ದಿನ ಮೊದಲು ಇಬ್ಬರನ್ನು ಮುಂದೆ ಕರೆದೆ. ಇಬ್ಬರಿಗೂ ತೋಳು ಮೊಣಕೈ ತನಕ ಮಡಚಿದೆ (ಈ ಹಂತ ಪೋಸ್ಟರ್‌ಗಳಲ್ಲಿ ಇರಲ್ಲ, ಆದರೆ ತೋಳು ಮಡಚದ ಮಗು ಬಟ್ಟೆ ಒದ್ದೆ ಆಗುತ್ತೆ ಅಂತಾನೇ ಮಣಿಕಟ್ಟಿನ ಹತ್ತಿರ ಹೋಗಲ್ಲ). ಎರಡೂ ಕೈಗೆ, ಬೆರಳ ಸಂದಿಗೆ, ಉಗುರಿನ ಸುತ್ತ, ಎಲ್ಲಾ ಕಡೆ ಬಣ್ಣದ ಎಣ್ಣೆ ಹಚ್ಚಿದೆ. ಒಬ್ಬಳಿಗೆ ಬರೀ ನೀರು, ಇನ್ನೊಬ್ಬನಿಗೆ ಸೋಪು. ದಿನಾ ಹೇಗೆ ತೊಳೀತೀರೋ ಹಾಗೇ ತೊಳೀರಿ ಅಂದೆ.

ಬರೀ ನೀರಿನವಳ ಕೈ ನೋಡೋಕೆ ಎಲ್ಲರೂ ಮುಗಿಬಿದ್ದರು. ನೀರು ಕೈ ಮೇಲೆ ಹರಡುವ ಬದಲು ಸಣ್ಣ ಸಣ್ಣ ಹನಿಯಾಗಿ ಉರುಳ್ತಾ ಇತ್ತು, ನೀಲಿ ಹಾಗೇ ಕೂತಿತ್ತು. ಸೋಪಿನವನ ಅಂಗೈ ಚೊಕ್ಕ. ಅವನು ಗೆದ್ದವನ ಹಾಗೆ ಅಂಗೈ ಎತ್ತಿ ತೋರಿಸಿದ. ಕೈ ತಿರುಗಿಸು ಪುಟ್ಟಾ ಅಂದೆ. ಹಿಂಬದಿಯಲ್ಲಿ ಗೆಣ್ಣುಗಳ ಮಡಿಕೆಯಲ್ಲೆಲ್ಲ ನೀಲಿ ಗೆರೆ, ಹೆಬ್ಬೆರಳಿನ ಬುಡದಲ್ಲಿ ಉಂಗುರದ ಹಾಗೆ ಒಂದು ಪಟ್ಟಿ, ಉಗುರಿನ ಅಂಚಲ್ಲಿ ದಟ್ಟ ನೀಲಿ. ಕ್ಲಾಸು ಗೊಳ್ಳೆಂದು ನಕ್ಕಿತು. ಎರಡು ನಿಮಿಷಕ್ಕೆ ಎಲ್ಲರ ಕೈಗೂ ಬಣ್ಣ ಬಿತ್ತು, ನಗು ನಿಂತಿತು.

ಸೋಪು ಏನು ಮಾಡುತ್ತೆ ಅಂತ ಆಗಲೇ ಹೇಳಿದೆ. ಸೋಪಿನ ಒಂದೊಂದು ಕಣಕ್ಕೂ ಎರಡು ತುದಿ. ಒಂದು ತುದಿ ಎಣ್ಣೆಗೆ ಅಂಟಿಕೊಳ್ಳುತ್ತೆ, ಇನ್ನೊಂದು ನೀರಿಗೆ. ನಾವು ಉಜ್ಜಿದಾಗ ಜಿಡ್ಡು ಸಣ್ಣ ಚೂರಾಗಿ ಒಡೆಯುತ್ತೆ, ಸೋಪು ಆ ಚೂರುಗಳನ್ನು ಸುತ್ತುವರಿಯುತ್ತೆ, ನೀರು ಹಾಕಿದಾಗ ಎಲ್ಲಾ ಸೇರಿ ಜಾರಿಹೋಗುತ್ತೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, 'ಹಾಗಾದ್ರೆ ಸೋಪು ರೋಗಾಣು ಸಾಯಿಸಲ್ವಾ ಮಿಸ್?' ಒಳ್ಳೇ ಪ್ರಶ್ನೆ. ಕೆಲವು ವೈರಸ್‌ಗಳಿಗೆ ಹೊರಗೆ ಕೊಬ್ಬಿನ ಪದರ ಇರುತ್ತೆ, ಅದನ್ನು ಸೋಪು ಒಡೆದುಹಾಕುತ್ತೆ. ಉಳಿದದ್ದರಲ್ಲಿ ಬಹುಪಾಲು ಸಾಯಲ್ಲ, ಕೈ ಬಿಟ್ಟು ನೀರಿನ ಜೊತೆ ಹೋಗುತ್ತೆ, ನಮಗೆ ಬೇಕಾಗಿರೋದೂ ಅಷ್ಟೇ ಅಂದೆ. ಬಿಸಿನೀರು ಬೇಕಾ ಅಂತಾನೂ ಬಂತು. ಬೇಡ, ತಣ್ಣೀರಲ್ಲೂ ಅಷ್ಟೇ ಚೆನ್ನಾಗಿ ಹೋಗುತ್ತೆ.

ಇಲ್ಲಿ ಒಂದು ಮಿತಿಯನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ನೀಲಿ ಪುಡಿ ರೋಗಾಣು ಅಲ್ಲ. ಅದು ನಾವು ಎಲ್ಲಿ ಉಜ್ಜಿಲ್ಲ ಅಂತ ಮಾತ್ರ ತೋರಿಸುತ್ತೆ. ಇಲ್ಲದಿದ್ರೆ 'ಕೈ ನೀಲಿ ಇಲ್ಲ, ಅಂದ್ರೆ ಕ್ಲೀನು' ಅಂತ ಊಟಕ್ಕೆ ಕೂತುಬಿಡ್ತಾರೆ. ನಿಜವಾಗಲೂ ಕೂತರು.

ಎಲ್ಲರೂ ತಮ್ಮ ಮಾಮೂಲಿ ರೀತಿಯಲ್ಲಿ ತೊಳೆದು ಬಂದ ಮೇಲೆ, ಬಣ್ಣ ಉಳಿದ ಜಾಗವನ್ನು ಹಾಳೆಯ ಕೈಗಳ ಮೇಲೆ ನೀಲಿ ಪೆನ್ಸಿಲ್‌ನಿಂದ ತುಂಬಿದರು. ಪಾಠದಲ್ಲಿ ಅತ್ಯಂತ ಕೆಲಸಕ್ಕೆ ಬಂದಿದ್ದು ಈ ಹಾಳೆ. ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿದಾಗ ಯಾರೂ ವಿವರಿಸೋ ಅಗತ್ಯವೇ ಬರಲಿಲ್ಲ. ಅಂಗೈಗಳು ಬಿಳಿ. ಹೆಬ್ಬೆರಳು, ಬೆರಳ ತುದಿ, ಹಿಂಬದಿ, ಇವು ಹಾಳೆ ಹಾಳೆಯಲ್ಲೂ ನೀಲಿ. ಇನ್ನೊಂದು ವಿಷಯ ಮಕ್ಕಳೇ ಹಿಡಿದರು: ಬರೆಯುವ ಕೈಯಲ್ಲೇ ಬಣ್ಣ ಜಾಸ್ತಿ ಉಳಿದಿತ್ತು. ಬಲಗೈಯವರು ಬಲಗೈಯಿಂದ ಎಡಗೈಯನ್ನು ಚೆನ್ನಾಗಿ ಉಜ್ಜುತ್ತಾರೆ, ಎಡಗೈಗೆ ಅಷ್ಟು ಚುರುಕು ಇಲ್ಲ, ಬಲಗೈ ಹಾಗೇ ಉಳಿಯುತ್ತೆ. ಊಟಕ್ಕೆ, ಮೂಗಿಗೆ, ಬಾಯಿಗೆ ಹೋಗೋದು ಅದೇ ಕೈ ಅಲ್ವಾ? ಎಡಚ ಹುಡುಗಿಯೊಬ್ಬಳ ಹಾಳೆ ಸರಿಯಾಗಿ ಉಲ್ಟಾ ಇತ್ತು, ಅವಳಿಗೆ ಅದೊಂದು ದೊಡ್ಡ ಹೆಮ್ಮೆ.

ಅಭ್ಯಾಸ ಮೊದಲು ಡೆಸ್ಕಿನಲ್ಲೇ, ನೀರಿಲ್ಲದೆ. ಅಂಗೈ ಜೊತೆಗೆ ಹಾಳೆಯಲ್ಲಿ ನೀಲಿ ಬಿದ್ದ ಜಾಗಗಳನ್ನೂ ಹಿಡಿದು ಎಂಟು ಜಾಗ ಮಾಡಿಕೊಂಡೆವು: ಅಂಗೈ, ಬಲಗೈ ಹಿಂಬದಿ, ಎಡಗೈ ಹಿಂಬದಿ, ಬೆರಳ ಸಂದಿ, ಬಲ ಹೆಬ್ಬೆರಳು, ಎಡ ಹೆಬ್ಬೆರಳು, ಬಲ ಉಗುರು, ಎಡ ಉಗುರು. ಒಂದೊಂದಕ್ಕೂ ನಾಲ್ಕು ಎಣಿಕೆ. ಒಂದು, ಎರಡು ಅಂತ ಸುಮ್ನೆ ಎಣಿಸೋಕೆ ಬಿಟ್ಟರೆ ಇಪ್ಪತ್ತನ್ನು ಐದು ಸೆಕೆಂಡಿನಲ್ಲಿ ಮುಗಿಸ್ತಾರೆ. ಹಾಗಾಗಿ 'ಒಂದು ಆನೆ, ಎರಡು ಆನೆ' ಅಂತ ಎಣಿಸಿದೆವು. ಆನೆ ಸೇರಿದರೆ ಹತ್ತಿರ ಹತ್ತಿರ ಒಂದು ಸೆಕೆಂಡು ಆಗುತ್ತೆ. ಎಂಟು ನಾಲ್ಕಲೆ 32 ಸೆಕೆಂಡು. ಉಜ್ಜೋಕೆ ಕನಿಷ್ಠ 20 ಸೆಕೆಂಡು ಬೇಕು ಅನ್ನೋದು ಎಲ್ಲೆಡೆ ಹೇಳುವ ಲೆಕ್ಕ. ಮಕ್ಕಳು ಮಧ್ಯೆ ಒಂದೆರಡು ಆನೆ ನುಂಗಿದರೂ ಅದಕ್ಕಿಂತ ಕೆಳಗೆ ಇಳಿಯಲ್ಲ. ಬೆರಳುಗಳನ್ನು ಕೊಕ್ಕೆ ಮಾಡಿ ಒಂದಕ್ಕೊಂದು ಸಿಕ್ಕಿಸಿ ಉಜ್ಜುವ ಹಂತವೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದೆ. ಆರೇಳು ವರ್ಷದ ಕೈಗಳಿಗೆ ಅದು ಗಂಟು ಬೀಳುತ್ತೆ, ನಾನು ಬಿಟ್ಟೆ. ದೊಡ್ಡ ಕ್ಲಾಸಿನಲ್ಲಿ ಸೇರಿಸಿಕೊಳ್ಳಬಹುದು.

ಕಷ್ಟ ಇದ್ದದ್ದು ಹೆಬ್ಬೆರಳಿಗೆ. ಹೆಬ್ಬೆರಳು ಉಜ್ಜು ಅಂದರೆ ಮಕ್ಕಳು ಅದರ ತುದಿಯನ್ನು ಇನ್ನೊಂದು ಅಂಗೈಗೆ ತೀಡ್ತಾರೆ, ಬುಡ ಹಾಗೇ ಇರುತ್ತೆ. ಹೆಬ್ಬೆರಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಪೂರ್ತಿ ಹಿಡಿದು, ಬುಡದ ತನಕ ಒಳಗೆ ತೂರಿಸಿ, ಮುಷ್ಟಿಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಬೇಕು. ಬೈಕಿನ ಆಕ್ಸಿಲರೇಟರ್ ತಿರುಗಿಸೋದು ಅಂತ ಒಬ್ಬ ಹೆಸರಿಟ್ಟ, ಡ್ರುಂ ಡ್ರುಂ ಶಬ್ದವೂ ಸೇರಿಕೊಂಡಿತು, ಆಮೇಲೆ ಯಾರಿಗೂ ಮರೆಯಲಿಲ್ಲ. ಉಗುರಿಗೆ, ಐದೂ ಬೆರಳ ತುದಿ ಒಟ್ಟು ಮಾಡಿ ಇನ್ನೊಂದು ಅಂಗೈ ಮೇಲೆ ಗರಗರ ತಿರುಗಿಸೋದು. ಉಗುರು ಉದ್ದ ಬಿಟ್ಟಿದ್ದರೆ ಇದೂ ಉಪಯೋಗಕ್ಕೆ ಬರಲ್ಲ, ಕೆಳಗಿನ ಕೊಳೆಗೆ ನೊರೆ ತಲುಪೋದೇ ಇಲ್ಲ. ಕತ್ತರಿಸೋದೇ ದಾರಿ.

ಇನ್ನು ನಲ್ಲಿ. ಶಾಲೆಯಲ್ಲಿ ಪಾಠ ಕೆಡೋದು ಇಲ್ಲೇ. ನಮ್ಮಲ್ಲಿ ಮಕ್ಕಳ ಎತ್ತರಕ್ಕೆ ಇರೋದು ಎರಡು ನಲ್ಲಿ. ಒದ್ದೆ ಮಾಡಿ ಸೋಪು ಹಚ್ಚೋಕೆ 10 ಸೆಕೆಂಡು, ಉಜ್ಜೋಕೆ 32, ತೊಳೆಯೋಕೆ 15, ಅಂದ್ರೆ ಒಂದು ಮಗುವಿಗೆ ಸುಮಾರು ಒಂದು ನಿಮಿಷ. 28 ಮಕ್ಕಳು, ಎರಡು ನಲ್ಲಿ, 14 ನಿಮಿಷ. ಊಟದ ಬೆಲ್ ಹೊಡೆದ ಮೇಲೆ ಹಸಿದ ಮಕ್ಕಳು 14 ನಿಮಿಷ ಕ್ಯೂ ನಿಲ್ಲಲ್ಲ, ಹಿಂದಿನವರು ತಳ್ಳುತ್ತಾರೆ, ಮುಂದಿನವರು ಎರಡೇ ಸೆಕೆಂಡಿಗೆ ಮುಗಿಸಿ ಓಡ್ತಾರೆ. ಇದರಲ್ಲಿ ಮಕ್ಕಳ ತಪ್ಪಿಲ್ಲ, ಲೆಕ್ಕವೇ ಕೂಡಿಬರಲ್ಲ.

ಹಾಗಾಗಿ ಉಜ್ಜೋದನ್ನು ನಲ್ಲಿಯಿಂದ ಆಚೆ ತಂದೆ. ಮೊದಲ ನಲ್ಲಿ ಒದ್ದೆ ಮಾಡಿಕೊಂಡು ಸೋಪು ತಗೊಳ್ಳೋಕೆ ಮಾತ್ರ. ಅಲ್ಲಿಂದ ಪಕ್ಕಕ್ಕೆ ಸರಿದು, ಗೋಡೆ ಗುಂಟ ನಡೀತಾ ಆನೆ ಎಣಿಸುತ್ತಾ ಉಜ್ಜಬೇಕು. ಎಂಟು ಜಾಗ ಮುಗಿಯುವ ಹೊತ್ತಿಗೆ ಎರಡನೇ ನಲ್ಲಿ ಮುಂದೆ ಇರ್ತಾರೆ, ಅದು ತೊಳೆಯೋಕೆ ಮಾತ್ರ. ಆಗ ತಡ ಆಗೋದು 15 ಸೆಕೆಂಡಿನ ಎರಡನೇ ನಲ್ಲಿಯಲ್ಲಿ ಮಾತ್ರ, 28 ಮಕ್ಕಳಿಗೆ 7 ನಿಮಿಷ, ಮೊದಲ ಮಗು ಅಲ್ಲಿಗೆ ತಲುಪುವ ಮುಕ್ಕಾಲು ನಿಮಿಷ ಸೇರಿಸಿದರೂ ಎಂಟು ದಾಟಲ್ಲ. ನೀರೂ ಉಳಿಯುತ್ತೆ. ಅದಕ್ಕಿಂತ ದೊಡ್ಡ ಲಾಭ ಏನಂದ್ರೆ, ಹರಿಯುವ ನೀರಿನ ಕೆಳಗೆ ಉಜ್ಜಿದರೆ ನೊರೆ ಏಳುವ ಮೊದಲೇ ಸೋಪು ಕೊಚ್ಚಿಹೋಗುತ್ತೆ. ನಲ್ಲಿಯಿಂದ ದೂರ ಬಂದ ಮೇಲೆ ಮಕ್ಕಳ ಕೈಯಲ್ಲಿ ನಿಜವಾದ ನೊರೆ ಬಂತು. ಸೋಪಿನ ಬಿಲ್ಲೆ ಕೈಜಾರಿ ಮಣ್ಣಿಗೆ ಬೀಳುತ್ತೆ ಅನ್ನೋದು ಇನ್ನೊಂದು ತಲೆನೋವು. ಅದನ್ನು ಬಲೆಚೀಲದಲ್ಲಿ ಹಾಕಿ ನಲ್ಲಿಗೇ ಕಟ್ಟಿದೆ, ಚೀಲದ ಮೇಲೇ ಎರಡು ಸಲ ತೀಡಿದರೆ ಸಾಕು.

ನಲ್ಲಿ ನಿಲ್ಲಿಸುವಾಗ ತೊಳೆದ ಕೈ ಮತ್ತೆ ಕೊಳೆ ಆಗಲ್ವಾ ಅಂತ ಒಬ್ಬಳು ಕೇಳಿದಳು. ಇದಕ್ಕೆ ಮೊಣಕೈ, ಟಿಶ್ಯೂ ಅಂತೆಲ್ಲ ಸರ್ಕಸ್ ಮಾಡಿಸೋರಿದ್ದಾರೆ. ಹೆಬ್ಬೆರಳೇ ಇನ್ನೂ ತೊಳೆಯದ ಕ್ಲಾಸಿಗೆ ಅದೆಲ್ಲ ನನಗೆ ಜಾಸ್ತಿ ಅನ್ನಿಸಿತು, ಎರಡನೇ ನಲ್ಲಿಯನ್ನು ಒಬ್ಬ ದೊಡ್ಡವರು ತೆರೆದು ಮುಚ್ಚೋದು ಅಂತ ಮಾಡಿ ಮುಂದೆ ಹೋದೆ. ಒರೆಸೋದನ್ನು ಮಾತ್ರ ಬಿಡಲಿಲ್ಲ, ಒದ್ದೆ ಕೈಗೆ ರೋಗಾಣು ಬೇಗ ಅಂಟುತ್ತೆ, ಒದ್ದೆ ಕೈಯಿಂದ ಬೇರೆ ಕಡೆಗೂ ಬೇಗ ಹೋಗುತ್ತೆ. ಅವರವರ ಕರ್ಚೀಫು, ಇಲ್ಲವಾದರೆ ಗಾಳಿಗೆ ಆಡಿಸಿ ಒಣಗಿಸೋದು. ಎಲ್ಲರಿಗೂ ಒಂದೇ ಟವೆಲ್ ನೇತುಹಾಕಿದರೆ ತೊಳೆದದ್ದು ವ್ಯರ್ಥ.

ಅಭ್ಯಾಸ ಮುಗಿದ ಮೇಲೆ ಮತ್ತೆ ಬಣ್ಣ ಹಚ್ಚಿ, ಅದೇ ಹಾಳೆಯಲ್ಲಿ ಈ ಸಲ ಕೆಂಪು ಪೆನ್ಸಿಲ್‌ನಿಂದ ಗುರುತು ಮಾಡಿಸಿದೆ. ಹೆಬ್ಬೆರಳು ಬಹುತೇಕ ಎಲ್ಲರದೂ ಸರಿಹೋಗಿತ್ತು. ಉಗುರು ಅರ್ಧ ಮಕ್ಕಳದ್ದು ಇನ್ನೂ ಕೆಂಪು.

ಇನ್ನು ಎರಡನೇ ಪಾಠ, ಮನೆಯ ಚಾರ್ಟು. ಸಾಮಾನ್ಯವಾಗಿ ಕೊಡುವ ಚಾರ್ಟು ಹೀಗಿರುತ್ತೆ: ಸೋಮವಾರದಿಂದ ಭಾನುವಾರ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ತೊಳೆದರೆ ಟಿಕ್. ವಾರದ ಕೊನೆಗೆ ಎಲ್ಲಾ ಟಿಕ್ ತುಂಬಿ ಬರುತ್ತೆ. ಒಂದೇ ಪೆನ್ನು, ಒಂದೇ ಓರೆ, ಒಂದೇ ಉಸಿರಿನಲ್ಲಿ ಎಳೆದ ಟಿಕ್. ಭಾನುವಾರ ರಾತ್ರಿ ಅಮ್ಮನೋ ಅಣ್ಣನೋ ಕೂತು ತುಂಬಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಅದರಿಂದ ನನಗೂ ಏನೂ ತಿಳಿಯಲ್ಲ, ಮಗುವಿಗೂ ಏನೂ ಆಗಲ್ಲ.

ನಾನು ಎರಡು ಬದಲಾವಣೆ ಮಾಡಿದೆ. ಮೊದಲನೆಯದು, ಸಾಲುಗಳು ಹೊತ್ತಿನ ಮೇಲಲ್ಲ, ಸಂದರ್ಭದ ಮೇಲೆ. ಊಟ ತಿಂಡಿಗೆ ಮೊದಲು, ಟಾಯ್ಲೆಟ್ ಆದ ಮೇಲೆ, ಆಟ ಆಡಿ ಮನೆಗೆ ಬಂದ ಮೇಲೆ. ಮೂರೇ ಸಾಲು. ಸೀನಿದ ಮೇಲೆ, ಸಾಕುಪ್ರಾಣಿ ಮುಟ್ಟಿದ ಮೇಲೆ ಅನ್ನೋದೆಲ್ಲ ಬಾಯಲ್ಲಿ ಹೇಳಿದೆ, ಚಾರ್ಟಿಗೆ ಹಾಕಲಿಲ್ಲ, ಸಾಲು ಜಾಸ್ತಿ ಆದಷ್ಟು ಸುಳ್ಳು ಜಾಸ್ತಿ. ಅಭ್ಯಾಸ ಅನ್ನೋದು ಗಡಿಯಾರಕ್ಕೆ ಅಂಟಲ್ಲ, ದಿನಾ ನಡೆಯುವ ಇನ್ನೊಂದು ಕೆಲಸಕ್ಕೆ ಅಂಟುತ್ತೆ. ಚಪ್ಪಲಿ ಬಿಟ್ಟೆ, ಕೈ ತೊಳೆದೆ. ತಟ್ಟೆ ಮುಂದೆ ಕೂರೋ ಮೊದಲು, ಕೈ ತೊಳೆದೆ.

ಎರಡನೆಯದು ಗುರುತು. ಚಾರ್ಟಿನ ಪ್ರತಿ ಚೌಕದಲ್ಲೂ ಒಂದು ಸಣ್ಣ ವೃತ್ತ. ತಾನಾಗೇ ನೆನಪಾಗಿ ತೊಳೆದರೆ ಪೂರ್ತಿ ತುಂಬು. ಯಾರಾದರೂ ಹೇಳಿದ ಮೇಲೆ ತೊಳೆದರೆ ಅರ್ಧ ತುಂಬು. ಮರೆತಿದ್ದರೆ ಖಾಲಿ ಬಿಡು. ಬಣ್ಣ ತುಂಬೋದು ಮಗುವೇ, ರಾತ್ರಿ ಮಲಗುವ ಮೊದಲು, ದೊಡ್ಡವರು ಪಕ್ಕದಲ್ಲಿ ಕೂತರೆ ಸಾಕು. ಖಾಲಿ ವೃತ್ತಕ್ಕೆ ಬೈಗುಳ ಇಲ್ಲ, ತುಂಬಿದ ಚಾರ್ಟಿಗೆ ಬಹುಮಾನ ಇಲ್ಲ, ಗೋಡೆ ಮೇಲೆ ಯಾರದೂ ಅಂಟಿಸಲ್ಲ ಅಂತ ಪೋಷಕರ ಸಭೆಯಲ್ಲೇ ಹೇಳಿದ್ದೆ. 'ಬಹುಮಾನ ಇಲ್ಲದಿದ್ರೆ ಮಾಡ್ತಾರಾ ಮೇಡಂ?' ಅಂತ ಒಬ್ಬರು ಅನುಮಾನಪಟ್ಟರು. ಬಹುಮಾನ ಇಟ್ಟರೆ ಚಾರ್ಟು ತುಂಬ್ತಾರೆ, ಕೈ ತೊಳೆಯಲ್ಲ ಅಂದೆ. ಸ್ವಲ್ಪ ಖಾರವಾಗೇ ಹೇಳಿದೆ ಅನ್ನಿಸುತ್ತೆ, ಆದರೆ ನನ್ನ ಅಭಿಪ್ರಾಯ ಅದೇ.

ಚಾರ್ಟು ಓದೋದು ಹೇಗೆ ಅನ್ನೋದಕ್ಕೆ ಒಂದನ್ನು ತೋರಿಸ್ತೀನಿ. ಒಬ್ಬ ಹುಡುಗನದು. ಮೊದಲ ವಾರ, ಊಟದ ಸಾಲು ಎಲ್ಲಾ ಅರ್ಧ ವೃತ್ತ. ಅಂದ್ರೆ ಮನೆಯವರು ದಿನಾ ಹೇಳ್ತಾ ಇದ್ದಾರೆ, ಸರಿ. ಟಾಯ್ಲೆಟ್ ಸಾಲು ಹೆಚ್ಚುಕಮ್ಮಿ ಪೂರ್ತಿ. ಆಟದಿಂದ ಬಂದ ಸಾಲು ಖಾಲಿ, ವಾರಪೂರ್ತಿ. ಎರಡನೇ ವಾರವೂ ಖಾಲಿ. ಹುಡುಗ ಸೋಮಾರಿ ಆಗಿದ್ದರೆ ಮೂರೂ ಸಾಲು ಖಾಲಿ ಇರಬೇಕಿತ್ತು. ಒಂದೇ ಸಾಲು ಖಾಲಿ ಅಂದ್ರೆ ಆ ಸಂದರ್ಭದಲ್ಲೇ ಏನೋ ಅಡ್ಡ ಇದೆ. ಬೈಯದೆ ಕೇಳಿದೆ, 'ಆಟ ಮುಗಿಸಿ ಬಂದಾಗ ಮೊದಲು ಎಲ್ಲಿಗೆ ಹೋಗ್ತೀಯಾ? ಸೋಪು ಎಲ್ಲಿರುತ್ತೆ?' ಸಂಜೆ ಆ ಹೊತ್ತಿಗೆ ಬಚ್ಚಲಲ್ಲಿ ಯಾವಾಗಲೂ ಯಾರಾದರೂ ಇರ್ತಾರಂತೆ, ಹೊರಗಿನ ನಲ್ಲಿಯಲ್ಲಿ ನೀರಿದೆ, ಸೋಪಿಲ್ಲ. ಅವರ ಅಮ್ಮನಿಗೆ ಹೇಳಿದೆ, ಹೊರಗಿನ ನಲ್ಲಿಗೂ ಒಂದು ಸೋಪಿನ ಚೂರು ಬಲೆಚೀಲದಲ್ಲಿ ಕಟ್ಟಿದರು. ಮೂರನೇ ವಾರ ಆ ಸಾಲಿನಲ್ಲಿ ಅರ್ಧ ವೃತ್ತಗಳು, ಕೊನೆಯಲ್ಲಿ ಎರಡು ಪೂರ್ತಿ.

ಇನ್ನೊಂದಿಬ್ಬರ ಮನೆಯಲ್ಲಿ ನಲ್ಲಿಯೇ ಇಲ್ಲ, ಬಕೆಟ್ ನೀರು. ಚೊಂಬಿನಿಂದ ಹೊಯ್ದುಕೊಳ್ಳುವ ಮಗುವಿಗೆ ಒಂದು ಕೈ ಯಾವಾಗಲೂ ಚೊಂಬಿನ ಮೇಲೇ ಇರುತ್ತೆ, ಎರಡೂ ಕೈ ಉಜ್ಜೋದು ಹೇಗೆ? ಅವರಿಗೆ ಪ್ಲಾಸ್ಟಿಕ್ ಬಾಟಲಿಯನ್ನು ಬಾಯಿ ಕೆಳಗೆ ಬರುವಂತೆ ಮೊಳೆಗೆ ತೂಗಿಹಾಕಿ, ಮುಚ್ಚಳ ಸಡಿಲಿಸಿದರೆ ಸಣ್ಣಗೆ ಹರಿಯುವ ಹಾಗೆ ಮಾಡಿಕೊಟ್ಟೆವು. ಬಾಟಲಿಯ ತಳದಲ್ಲಿ ಗಾಳಿ ಆಡೋಕೆ ಒಂದು ತೂತು ಬೇಕು, ಇಲ್ಲವಾದರೆ ನೀರು ಗುಳುಕ್ ಗುಳುಕ್ ಅಂತ ನಿಂತುಬಿಡುತ್ತೆ. ಸ್ಯಾನಿಟೈಸರ್ ಸಾಲದಾ ಅಂತ ಕೇಳಿದವರಿಗೆ, ಕಣ್ಣಿಗೆ ಕಾಣುವ ಮಣ್ಣು, ಜಿಡ್ಡು ಇದ್ದ ಕೈ ಮೇಲೆ ಅದು ಸರಿಯಾಗಿ ಕೆಲಸ ಮಾಡಲ್ಲ ಅಂತ ಹೇಳಿದೆ. ಆಟ ಆಡಿ ಬಂದ ಮಕ್ಕಳ ಕೈ ಇರೋದೇ ಹಾಗೆ.

ಚಾರ್ಟು ನಿಜವಾ ಅಂತ ನೋಡೋಕೆ ನನ್ನ ಹತ್ತಿರ ಇದ್ದದ್ದು ಒಂದೇ ದಾರಿ, ಮುಂಚೆ ಹೇಳದೆ ಒಂದು ದಿನ ಮತ್ತೆ ಬಣ್ಣ. ಪೂರ್ತಿ ವೃತ್ತ ತುಂಬಿಕೊಂಡು ಬಂದ ಕೆಲವರ ಹಾಳೆಯಲ್ಲಿ ಹೆಬ್ಬೆರಳು ಮತ್ತೆ ನೀಲಿಯಾಗಿತ್ತು. ಅವರಿಗೆ ನೆನಪು ಬಂದಿದೆ, ಕೈಚಳಕ ಮರೆತಿದೆ, ನಲ್ಲಿ ಹತ್ತಿರ ಮತ್ತೆ ಆನೆ ಎಣಿಸಿದರೆ ಸಾಕು. ಕೆಲವರ ಕೈ ಚೊಕ್ಕ, ಚಾರ್ಟು ಮಾತ್ರ ಖಾಲಿ. ಅವರಿಗೆ ಮತ್ತೆ ತೊಳೆಯೋದು ಕಲಿಸಿ ಪ್ರಯೋಜನ ಇಲ್ಲ, ಮನೆಯಲ್ಲಿ ಸೋಪು ಎಲ್ಲಿದೆ ಅಂತ ಕೇಳಬೇಕು.

ಒಂದು ವಾರದ ಚಾರ್ಟು ಸಾಕಾಗಲ್ಲ. ದೊಡ್ಡವರ ಮೇಲೆ ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗೇ ಬರೋಕೆ 18 ದಿನದಿಂದ 254 ದಿನ ತನಕ ಹಿಡಿಯುತ್ತೆ ಅನ್ನೋ ಅಂದಾಜು ಸಿಕ್ಕಿತ್ತು, ನಟ್ಟನಡುವಿನ ಲೆಕ್ಕ 66 ದಿನ. ಮಕ್ಕಳಿಗೂ ಅದೇ ಲೆಕ್ಕ ಅನ್ನೋಕಾಗಲ್ಲ, ಆದರೆ ಏಳು ದಿನಕ್ಕೆ ಮುಗಿಯೋ ಕೆಲಸ ಅಲ್ಲ ಅನ್ನೋದು ಖಂಡಿತ. ಹಾಗಂತ ತಿಂಗಳುಗಟ್ಟಲೆ ಮೂರು ಸಾಲು ತುಂಬೋಕೆ ಯಾವ ಮನೆಯಲ್ಲೂ ತಾಳ್ಮೆ ಇರಲ್ಲ. ಎರಡನೇ ತಿಂಗಳಿಗೆ ಒಂದೇ ಸಾಲಿನ ಚಾರ್ಟು ಕೊಟ್ಟಿದ್ದೀನಿ, ಅವರವರ ಹಾಳೆಯಲ್ಲಿ ಯಾವ ಸಾಲಿನಲ್ಲಿ ಖಾಲಿ ವೃತ್ತ ಜಾಸ್ತಿ ಇತ್ತೋ ಅದು ಮಾತ್ರ. ಹೆಚ್ಚಿನವರಿಗೆ ಬಂದಿರೋದು ಆಟದಿಂದ ಬಂದ ಸಾಲು.